ಬಿಳಿ ಅಂಗಿಯ ಮೇಲಿನ ಎಣ್ಣೆಗಾಯಿ: ಹತ್ತಿಬಟ್ಟೆಯಿಂದ ಅರಿಸಿನ, ಎಣ್ಣೆ ಮತ್ತು ಸಾರಿನ ಕಲೆಗಳನ್ನು ತೆಗೆಯುವ ಬಗೆ

ವಾಳಪೈಯಲ್ಲಿ ಆಷಾಢದ ಮಳೆಯು ಒಮ್ಮೆ ಹಿಡಿಯಿತೆಂದರೆ ಒಗೆದ ಬಟ್ಟೆಯು ಒಣಗುವುದೇ ಒಂದು ಸಮಸ್ಯೆ. ಸಹ್ಯಾದ್ರಿಯ ಬುಡದಲ್ಲಿರುವ ನಮ್ಮ ಸತ್ತರಿ ತಾಲೂಕಿನಲ್ಲಿ ಆ ದಿನಗಳಲ್ಲಿ ಸೂರ್ಯದರ್ಶನವೇ ಅಪರೂಪ. ಇಂಥ ಒಂದು ದಿನ, ನಮ್ಮ ಓಣಿಯಲ್ಲಿರುವ ಒಬ್ಬ ತಾಯಿಯು ತನ್ನ ಮಗಳ ಶಾಲೆಯ ಬಿಳಿ ಅಂಗಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಬಾಗಿಲಿಗೆ ಬಂದಳು. ಆಕೆಯ ಕುಟುಂಬವು ಬಾಗಲಕೋಟೆಯ ಕಡೆಯಿಂದ ದುಡಿಯಲು ಬಂದುದು. ಹುಡುಗಿಗೆ ಇದ್ದುದು ಎರಡೇ ಅಂಗಿಗಳು. ಬುತ್ತಿಯ ಡಬ್ಬಿಯ ಮುಚ್ಚಳವು ಸಡಿಲಾಗಿ, ಬದನೆಕಾಯಿಯ ಎಣ್ಣೆಗಾಯಿಯು ಒಂದು ಅಂಗಿಯ ಎದೆಯ ಮೇಲೆ ಅಂಗೈ ಅಗಲಕ್ಕೆ ಹರಡಿತ್ತು.

“ಅಕ್ಕೋರ, ಅರಿಷಿಣ ಹೋಗ್ಲಿ ಅಂತ ಸಬಕಾರ ಹಚ್ಚಿ ತಿಕ್ಕಿದ್ರ ರಕ್ತಧಾಂಗ ಕೆಂಪಾತ್ರೀ. ಆಮ್ಯಾಲ ನಿಂಬಿಹಣ್ಣ ಹಿಂಡಿ, ಅದರ ಮ್ಯಾಲ ಪಾಯಖಾನಿ ತೊಳಿಯೂ ಬಿಳಿ ಪುಡಿ ಹಾಕಿದೆ. ಮುಖಕ್ಕ ಘಾಟ ಹೊಡದು ಕೆಮ್ಮ ನಿಲ್ಲವಲ್ದು” ಎಂದಳು.

ನಾನು ಮೊದಲು ಆಕೆಯನ್ನು ಗಾಳಿಯಾಡುವ ಜಗುಲಿಯಲ್ಲಿ ಕೂರಿಸಿದೆನು. ಅಂಗಿಯ ವಿಚಾರವನ್ನು ಆಮೇಲೆ ನೋಡಿದೆನು. ಬ್ಲೀಚಿಂಗ್ ಪೌಡರಿಗೆ ನಿಂಬೆರಸವಾಗಲಿ, ಹುಣಿಸೆಯ ನೀರಾಗಲಿ, ವಿನೆಗರ್ ಆಗಲಿ ತಗುಲಿದರೆ ಕ್ಲೋರಿನ್ ಎಂಬ ವಿಷಾನಿಲವು ಹೊರಬರುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲುಮನೆಯಲ್ಲಿ ಇದು ಶ್ವಾಸಕೋಶಕ್ಕೆ ಕೇಡು ಮಾಡಬಲ್ಲುದು. ಅದೃಷ್ಟವಶಾತ್ ಆಕೆಯು ಬೇಗನೆ ಹೊರಗೆ ಬಂದಿದ್ದಳು. ಅರ್ಧ ತಾಸಿನಲ್ಲಿ ಕೆಮ್ಮು ನಿಂತಿತು. ನಿಲ್ಲದೆ ಎದೆ ಬಿಗಿದಿದ್ದರೆ ಆಸ್ಪತ್ರೆಗೇ ಹೋಗಬೇಕಾಗುತ್ತಿತ್ತು. ಅಂಗಿಯು ಮಾತ್ರ ಉಳಿಯಲಿಲ್ಲ. ಕಲೆಯಿದ್ದ ಕಡೆ ನೂಲು ಸತ್ವವಿಲ್ಲದಂತಾಗಿ, ಎರಡನೆಯ ಒಗೆತಕ್ಕೆ ಅಲ್ಲಿಯೇ ಹರಿಯಿತು. ವಿಶೇಷವೇನೆಂದರೆ, ಇಷ್ಟೆಲ್ಲ ಆದಮೇಲೂ ಕಲೆಯ ಅಂಚಿನಲ್ಲಿ ಎಣ್ಣೆಯ ಒಂದು ಬೂದು ಉಂಗುರವು ಹಾಗೆಯೇ ಉಳಿದಿತ್ತು.

ಹದಿನೈದು ದಿನಗಳೊಳಗೆ ಎರಡನೆಯ ಅಂಗಿಗೂ ಅದೇ ಡಬ್ಬಿಯಿಂದ ಅದೇ ಗತಿ ಒದಗಿತು. ಈ ಸಲ ಆಕೆಯು ಏನನ್ನೂ ಹಚ್ಚದೆ ನೇರವಾಗಿ ನನ್ನಲ್ಲಿಗೆ ತಂದಳು. ಆ ಅಂಗಿಯನ್ನು ನಾವಿಬ್ಬರೂ ಸೇರಿ ಹೇಗೆ ಶುಚಿಮಾಡಿದೆವೆಂಬುದನ್ನು ಹೇಳುವ ಮೊದಲು, ಮೊದಲ ಅಂಗಿಯಲ್ಲಿ ತಪ್ಪಿದ್ದೆಲ್ಲಿ ಎಂಬುದನ್ನು ತಿಳಿಯುವುದು ಅವಶ್ಯ.

ನಾವು ‘ಸಾರಿನ ಕಲೆ’ ಎಂದು ಒಂದೇ ಹೆಸರಿನಿಂದ ಕರೆಯುವುದು ವಾಸ್ತವವಾಗಿ ಒಂದು ಕಲೆಯಲ್ಲ. ಬಟ್ಟೆಯ ಮೇಲೆ ಮೊದಲು ಕೂರುವುದು ಶೇಂಗಾಪುಡಿ, ಬೇಳೆ, ಕೊಬ್ಬರಿ ಮೊದಲಾದವುಗಳ ಗಷ್ಟು. ಅದರ ಕೆಳಗೆ ನೂಲಿನ ಸಂದುಗಳಲ್ಲಿ ಎಣ್ಣೆಯು ಇಳಿಯುತ್ತದೆ. ಆ ಎಣ್ಣೆಯಲ್ಲಿ ಕರಗಿ, ಅದರ ಬೆನ್ನೇರಿ, ಅರಿಸಿನದ ಹಳದಿ ಮತ್ತು ಮೆಣಸಿನಕಾಯಿಯ ಕೆಂಪು ಬಣ್ಣಗಳು ಒಳಹೋಗುತ್ತವೆ. ಈ ಎರಡು ಬಣ್ಣಗಳೂ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಒಗ್ಗರಣೆಗೆ ಅರಿಸಿನ ಬಿದ್ದೊಡನೆ ಎಣ್ಣೆಯೆಲ್ಲ ಹಳದಿಯಾಗುವುದನ್ನೂ, ಬ್ಯಾಡಗಿ ಮೆಣಸಿನಕಾಯಿಯ ಸಾರಿನ ಮೇಲೆ ಕೆಂಪು ಎಣ್ಣೆಯು ತೇಲುವುದನ್ನೂ ಕಾಣದ ಗೃಹಿಣಿಯಿಲ್ಲ. ಆದುದರಿಂದ ಎಣ್ಣೆಯು ನೂಲಿನಲ್ಲಿ ಇರುವವರೆಗೆ ಬಣ್ಣಕ್ಕೆ ಅದೇ ಮನೆ. ಎಣ್ಣೆಯನ್ನು ಬಿಡಿಸದೆ ಬಣ್ಣದ ಮೇಲೆ ಏನನ್ನು ಪ್ರಯೋಗಿಸಿದರೂ ಶ್ರಮವು ವ್ಯರ್ಥವಾಗುವುದು. ಮೊದಲು ಗಷ್ಟು, ಬಳಿಕ ಎಣ್ಣೆ, ಕೊನೆಗೆ ಬಣ್ಣ ಎಂಬ ಈ ಕ್ರಮವೊಂದು ತಪ್ಪಿದ್ದರಿಂದಲೇ ಮೊದಲ ಅಂಗಿಯಲ್ಲಿ ಎಣ್ಣೆಯ ಉಂಗುರವು ಉಳಿದುದು.

ಇನ್ನು ಆ ತಾಯಿಯನ್ನು ಗಾಬರಿಗೊಳಿಸಿದ ಕೆಂಪಿನ ವಿಚಾರ. ಇದು ನಮ್ಮ ಹೆಂಗಸರಿಗೆ ಹೊಸದೇನೂ ಅಲ್ಲ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಚಿಟಿಕೆ ಸುಣ್ಣವನ್ನು ಹಾಕಿದರೆ ನೀರು ಕೆಂಪಾಗುವುದಿಲ್ಲವೇ? ಓಕುಳಿಯನ್ನು ಮಾಡುವುದೂ ಹಾಗೆಯೇ. ಹಳೆಯ ಪದ್ಧತಿಯ ಕುಂಕುಮವೂ ಅರಿಸಿನ ಮತ್ತು ಕ್ಷಾರಗಳ ಕೂಡಿಕೆಯಿಂದಲೇ ಕೆಂಪಾಗುವುದು. ಬಟ್ಟೆ ಒಗೆಯುವ ಸಾಬೂನು ಸಹ ಕ್ಷಾರವಸ್ತುವೇ. ಅದು ತಗುಲಿದೊಡನೆ ಅರಿಸಿನವು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಹೊಸ ಕಲೆಯು ಹುಟ್ಟಿಲ್ಲ. ಇದ್ದ ಅರಿಸಿನವೇ ವೇಷವನ್ನು ಬದಲಿಸಿದೆ. ಅದರ ಮೇಲೆ ನಿಂಬೆಯ ರಸವನ್ನು ಹಿಂಡಿದರೆ ಅದು ಮರಳಿ ಹಳದಿಯಾಗುವುದು. ಮಕ್ಕಳು ಶಾಲೆಯಲ್ಲಿ ಅರಿಸಿನದ ಕಾಗದವನ್ನು ಮಾಡಿ, ಸಾಬೂನಿನ ನೀರಿನಿಂದ ಕೆಂಪಾಗಿಸಿ, ನಿಂಬೆಯಿಂದ ಹಳದಿಯಾಗಿಸಿ ಆಡುವ ಪ್ರಯೋಗವು ಇದೇ ಆಗಿದೆ.

ಅರಿಸಿನಕ್ಕೆ ಈ ಗುಣವನ್ನು ಕೊಡುವ ವಸ್ತುವಿಗೆ ಕರ್ಕ್ಯುಮಿನ್ ಎಂದು ಹೆಸರು. ೧೮೧೫ರಲ್ಲಿ ವೋಗೆಲ್ ಮತ್ತು ಪೆಲ್ತಿಯೇ ಎಂಬವರು ಇದನ್ನು ಅರಿಸಿನದಿಂದ ಬೇರ್ಪಡಿಸಿದರು. ಇದರ ರಚನೆಯು ೧೯೧೦ರಲ್ಲಿ ಗೊತ್ತಾಯಿತು. ಬಟ್ಟೆಯ ಕಲೆಗೆ ಸಂಬಂಧಿಸಿ ಇದರ ಮೂರು ಸ್ವಭಾವಗಳನ್ನು ನಾವು ನೆನಪಿನಲ್ಲಿಡಬೇಕು. ಮೊದಲನೆಯದು, ಇದು ಹತ್ತಿಯ ನೂಲನ್ನು ಯಾವ ಸಹಾಯವೂ ಇಲ್ಲದೆ ನೇರವಾಗಿ ಹಿಡಿದುಕೊಳ್ಳಬಲ್ಲುದು. ಹೆಚ್ಚಿನ ಸಸ್ಯಬಣ್ಣಗಳಿಗೆ ಪಟಿಕ ಮೊದಲಾದವುಗಳ ನೆರವು ಬೇಕಾದರೆ ಅರಿಸಿನಕ್ಕೆ ಬೇಕಿಲ್ಲ. ಎರಡನೆಯದು, ಇದು ಆಮ್ಲದಲ್ಲಿ ಸ್ಥಿರವಾಗಿರುತ್ತದೆ, ಕ್ಷಾರದಲ್ಲಿ ಒಡೆಯತೊಡಗುತ್ತದೆ. ಮೂರನೆಯದು, ಇದು ಬೆಳಕನ್ನು ಸಹಿಸದು. ಅರಿಸಿನದಲ್ಲಿ ಅದ್ದಿದ ಮದುವೆಯ ಬಟ್ಟೆಯು ನಾಲ್ಕು ದಿನ ಬಿಸಿಲು ಕಂಡರೆ ಹೇಗೆ ಪೇಲವವಾಗುವುದೆಂದು ಎಲ್ಲರೂ ಬಲ್ಲರು.

ಎರಡನೆಯ ಸ್ವಭಾವವನ್ನು ತುಸು ವಿಚಾರಿಸಿ ನೋಡಿದರೆ ರೂಢಿಯ ಒಂದು ನಂಬಿಕೆಯು ತಲೆಕೆಳಗಾಗುವುದು. ಸಾಬೂನು ಹಚ್ಚಿದಾಗ ಕಲೆಯು ಕೆಂಪಾದರೆ ಕೆಟ್ಟಿತೆಂದೂ, ನಿಂಬೆ ಹಿಂಡಿದಾಗ ತೆಳುಹಳದಿಯಾದರೆ ಸುಧಾರಿಸಿತೆಂದೂ ನಾವು ತಿಳಿಯುತ್ತೇವೆ. ನಿಜಸ್ಥಿತಿಯು ಇದಕ್ಕೆ ವಿರುದ್ಧವಾಗಿದೆ. ಕೆಂಪಾದ ಅರಿಸಿನವು ಒಡೆಯುವ ದಾರಿಯನ್ನು ಹಿಡಿದಿರುತ್ತದೆ. ನಿಂಬೆಯು ಅದನ್ನು ಆ ದಾರಿಯಿಂದ ಹಿಂದಕ್ಕೆ ಕರೆದು, ಕಣ್ಣಿಗೆ ಸಮಾಧಾನವನ್ನು ಕೊಟ್ಟು, ಕಲೆಯನ್ನು ಕಾಪಾಡುತ್ತದೆ! ನಿಂಬೆ ಹಿಂಡಿ ಬಿಸಿಲಿಗೆ ಹಾಕಿದಾಗ ಕಲೆಯು ಹೋಗುವುದುಂಟು. ಆದರೆ ಅಲ್ಲಿ ಹೆಚ್ಚಿನ ಕೆಲಸವನ್ನು ಮಾಡಿದ್ದು ಬಿಸಿಲು, ಹೆಸರನ್ನು ಪಡೆದದ್ದು ನಿಂಬೆ.

ಈ ವಿವರಣೆಯೊಂದಿಗೆ ಎರಡನೆಯ ಅಂಗಿಗೆ ಬರೋಣ. ಕಲೆಯಾಗಿ ಸುಮಾರು ಮೂರು ತಾಸು ಕಳೆದಿತ್ತು. ಮೊದಲು ಅಂಗಿಯನ್ನು ಹಲಗೆಯ ಮೇಲೆ ಹಾಸಿ, ಚಮಚದ ಅಂಚಿನಿಂದ ಗಷ್ಟನ್ನು ಎತ್ತಿದೆವು. ಕೈಯು ಕಲೆಯ ಅಂಚಿನಿಂದ ನಡುವಿನ ಕಡೆಗೆ ಬರಬೇಕು. ನಡುವಿನಿಂದ ಹೊರಕ್ಕೆ ಎಳೆದರೆ ಅಂಗೈಯಗಲದ ಕಲೆಯು ಮೊಳದುದ್ದವಾಗುವುದು. ಆ ಬಳಿಕ ಒಂದು ಮುಷ್ಟಿ ಅಕ್ಕಿಹಿಟ್ಟನ್ನು ಕಲೆಯ ಮೇಲೆ ಉದುರಿಸಿ ಇಪ್ಪತ್ತು ನಿಮಿಷ ಬಿಟ್ಟೆವು. ಹಿಟ್ಟು ಹಳದಿಯಾಗಿ ಜಿಡ್ಡುಗಟ್ಟಿತು. ಅದನ್ನು ಕೊಡವಿ, ಇನ್ನೊಮ್ಮೆ ಹೊಸ ಹಿಟ್ಟನ್ನು ಹಾಕಿದೆವು. ಸೀಮೆಸುಣ್ಣದ ಪುಡಿಯಾದರೂ ಆದೀತು. ಕಡಲೆಹಿಟ್ಟು ಬೇಡ, ಅದರ ಹಳದಿಯಿಂದಾಗಿ ಎಷ್ಟು ಎಣ್ಣೆ ಬಂದಿತೆಂಬುದು ತಿಳಿಯದು. ಇಲ್ಲಿಯವರೆಗೆ ಒಂದು ಹನಿ ನೀರನ್ನೂ ಸೋಕಿಸಲಿಲ್ಲ.

ಆಮೇಲೆ ಅಂಗಿಯನ್ನು ಒಳಮಗ್ಗುಲು ಮಾಡಿ, ಕಲೆಯ ಹಿಂಬದಿಯಿಂದ ತಣ್ಣೀರನ್ನು ಸುರಿದೆವು. ಹಿಂದಿನಿಂದ ಸುರಿದ ನೀರು ಕೊಳೆಯನ್ನು ಬಂದ ದಾರಿಯಿಂದಲೇ ಹೊರದೂಡುವುದು. ಮೊದಲು ಬಿಸಿನೀರೇಕೆ ಬೇಡವೆಂದರೆ, ಬೇಳೆ, ಶೇಂಗಾ, ಹಾಲು, ಮೊಸರುಗಳಲ್ಲಿ ಇರುವ ಪ್ರೋಟೀನು ಬಿಸಿಗೆ ಮೊಟ್ಟೆಯಂತೆ ಗಟ್ಟಿಯಾಗಿ ನೂಲಿಗೆ ಅಂಟುವುದು.

ನಂತರ ಎಣ್ಣೆಯ ಸರದಿ. ಇಲ್ಲಿ ಅಡಿಗೆಯ ಎಣ್ಣೆ ಯಾವುದೆಂದು ಕೇಳಿಕೊಳ್ಳಬೇಕು. ಗೋವೆಯ ಅಡಿಗೆಗೆ ತೆಂಗಿನೆಣ್ಣೆಯು ವಾಡಿಕೆ. ಅದು ಸುಮಾರು ೨೪ ಸೆಂಟಿಗ್ರೇಡಿನ ಕೆಳಗೆ ಹೆಪ್ಪುಗಟ್ಟುವುದರಿಂದ, ಡಿಸೆಂಬರ್ ಮುಂಜಾವಿನ ತಣ್ಣೀರಿನಲ್ಲಿ ಎಷ್ಟು ತಿಕ್ಕಿದರೂ ನೂಲಿನಲ್ಲಿ ಮೇಣದಂತೆ ಕುಳಿತಿರುವುದು. ಬೆಚ್ಚನೆಯ ನೀರಿಗೆ ಕೂಡಲೇ ಸಡಿಲವಾಗುವುದು. ಅದರಲ್ಲೊಂದು ಒಳ್ಳೆಯ ಗುಣವಿದೆ: ಎಷ್ಟು ದಿನವಾದರೂ ಅದು ಅಷ್ಟಾಗಿ ಕೆಡುವುದಿಲ್ಲ. ನಮ್ಮ ಘಟ್ಟದ ಮೇಲಿನ ಕುಸುಬಿ ಎಣ್ಣೆಯದು ಬೇರೆ ಪ್ರಕೃತಿ. ಅದು ಚಳಿಯಲ್ಲಿಯೂ ತೆಳ್ಳಗೆ ಹರಿಯುವುದು. ಆದರೆ ಗಾಳಿಗೆ ಒಡ್ಡಿದ ತೆಳುಪದರು ದಿನಗಳೆದಂತೆ ಗಾಳಿಯ ಆಮ್ಲಜನಕವನ್ನು ಹೀರಿ, ಅಂಟಾಗಿ, ಕೊನೆಗೆ ವಾರ್ನಿಶಿನಂತೆ ಗಟ್ಟಿಯಾಗುವುದು. ಕುಸುಬಿ ಎಣ್ಣೆಯನ್ನು ಬಣ್ಣ ಮತ್ತು ವಾರ್ನಿಶುಗಳ ತಯಾರಿಕೆಯಲ್ಲಿ ಬಳಸುವುದು ಈ ಗುಣಕ್ಕಾಗಿಯೇ. ಸೂರ್ಯಕಾಂತಿ ಎಣ್ಣೆಯೂ ಬಹುಮಟ್ಟಿಗೆ ಇದೇ ಜಾತಿಯದು. ಶೇಂಗಾ ಎಣ್ಣೆಯು ಅಷ್ಟು ಬೇಗ ಗಟ್ಟಿಯಾಗದು. ಆದುದರಿಂದ ತೆಂಗಿನೆಣ್ಣೆಯ ಕಲೆಗೆ ಬೇಕಾದುದು ಬಿಸಿ, ಕುಸುಬಿಯ ಕಲೆಗೆ ಬೇಕಾದುದು ತ್ವರೆ. ಕುಸುಬಿಯ ಕಲೆಯ ಮೇಲೆ ಇಸ್ತ್ರಿಯನ್ನು ಆಡಿಸಿದರಂತೂ ಒಂದು ತಿಂಗಳಲ್ಲಿ ಆಗಬೇಕಾದ ಕೇಡು ಒಂದು ನಿಮಿಷದಲ್ಲಿ ಆಗುವುದು.

ಆಕೆಯ ಎಣ್ಣೆಗಾಯಿಯು ಊರಿನಿಂದ ತಂದ ಕುಸುಬಿ ಎಣ್ಣೆಯದಾಗಿತ್ತು. ನೀರನ್ನು ಹಿಂಡಿ ತೆಗೆದು, ಪಾತ್ರೆ ತೊಳೆಯುವ ದ್ರವಸಾಬೂನನ್ನು ಒಂದು ಸಣ್ಣ ಚಮಚದಷ್ಟು ಕಲೆಯ ಮೇಲೆ ನೇರವಾಗಿ ಹಾಕಿ, ಬೆರಳಿನ ತುದಿಯಿಂದ ಎರಡೂ ಮಗ್ಗುಲಲ್ಲಿ ಮೆಲ್ಲಗೆ ಸವರಿದೆವು. ಬಟ್ಟೆಯ ಸಾಬೂನನ್ನು ಬಿಟ್ಟು ಇದನ್ನೇಕೆ ಆರಿಸಿದೆವೆಂದರೆ, ಇದು ಜಿಡ್ಡನ್ನು ಬಿಡಿಸಲೆಂದೇ ಮಾಡಿದುದು. ಮತ್ತು ಇದರಲ್ಲಿ ಕ್ಷಾರವು ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಕಲೆಯು ಕೆಂಪಾಗದೆ, ಎಷ್ಟು ಹೋಯಿತು ಎಷ್ಟು ಉಳಿಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಅಂಟುವಾಳದ ಕಾಯಿಯ ನೊರೆಯೂ ಈ ಕೆಲಸಕ್ಕೆ ಬರುವುದು, ಆದರೆ ಅದರ ಕಂದು ನೀರು ಬಿಳಿಯ ಬಟ್ಟೆಗೆ ಒಳ್ಳೆಯದಲ್ಲ. ಹತ್ತು ನಿಮಿಷದ ನಂತರ ಕೈ ತಾಳುವಷ್ಟು ಬಿಸಿಯಾದ ನೀರಿನಿಂದ ಜಾಲಿಸಿದೆವು. ನೀರು ಕಿತ್ತಳೆಯ ಬಣ್ಣವಾಗಿ ಇಳಿಯಿತು. ಮೆಣಸಿನಕಾಯಿಯ ಕೆಂಪು ಎಣ್ಣೆಯ ಜೊತೆಗೇ ಹೊರಟಿತೆಂಬುದಕ್ಕೆ ಇದೇ ಗುರುತು. ಇದನ್ನೇ ಮೂರು ಸಲ ಮಾಡಿದೆವು. ಮೂರನೆಯ ಸಲ ನೀರು ತಿಳಿಯಾಗಿ ಬಂದಿತು.

ಎಣ್ಣೆಯು ಪೂರ್ತಿ ಹೋಯಿತೇ ಎಂಬುದನ್ನು ಒದ್ದೆ ಬಟ್ಟೆಯಲ್ಲಿ ಹೇಳಲಾಗದು; ಒದ್ದೆಯಾದಾಗ ಎಲ್ಲವೂ ಒಂದೇ ಬಣ್ಣ. ಹೆಚ್ಚಿನವರು ಮೋಸಹೋಗುವುದು ಇಲ್ಲಿಯೇ. ಅಂಗಿಯನ್ನು ಫ್ಯಾನಿನ ಕೆಳಗೆ ಒಣಗಿಸಿ, ಕಲೆಯಿದ್ದ ಸ್ಥಳದ ಮೇಲೆ ಒಂದು ಹನಿ ನೀರನ್ನು ಬಿಟ್ಟು ನೋಡಿದೆವು. ಶುದ್ಧವಾದ ಹಳೆಯ ಹತ್ತಿಬಟ್ಟೆಯು ಹನಿಯನ್ನು ಕೂಡಲೇ ಹೀರುತ್ತದೆ. ಎಣ್ಣೆಯುಳ್ಳ ಕಡೆ ಹನಿಯು ಕೆಸುವಿನ ಎಲೆಯ ಮೇಲಿನಂತೆ ಗುಂಡಾಗಿ ನಿಲ್ಲುತ್ತದೆ. ನಮ್ಮ ಅಂಗಿಯಲ್ಲಿ ನಡುವಿನ ಭಾಗವು ಹೀರಿತು, ಒಂದು ಅಂಚಿನಲ್ಲಿ ಹನಿ ನಿಂತಿತು. ಆ ಅಂಚಿಗೆ ಮಾತ್ರ ಮತ್ತೊಮ್ಮೆ ದ್ರವಸಾಬೂನನ್ನು ಹಚ್ಚಿದೆವು. ಕಲೆಯು ಇನ್ನೂ ಹಳೆಯದಾಗಿದ್ದರೆ, ಅರ್ಧ ಬಕೆಟ್ಟು, ಅಂದರೆ ಸುಮಾರು ಎಂಟು ಲೀಟರು ಬಿಸಿನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾವನ್ನು ಕರಗಿಸಿ ಅರ್ಧ ತಾಸು ನೆನೆಹಾಕಬೇಕಾಗುತ್ತಿತ್ತು. ಇದು ಅಡಿಗೆಯ ಸೋಡಾ ಅಲ್ಲ. ಕೈಯ ಚರ್ಮವನ್ನು ಒಣಗಿಸಿ ಉರಿಸುವುದು, ರಬ್ಬರಿನ ಕೈಚೀಲವಿಲ್ಲದೆ ಮುಟ್ಟಬಾರದು. ಇಲ್ಲಿ ಇನ್ನೊಂದು ಮಾತು. ನಮ್ಮ ಬಾಗಲಕೋಟೆ, ವಿಜಾಪುರಗಳ ಸವಳು ನೀರಿನಲ್ಲಿ ಸಾಬೂನು ನೊರೆಬಾರದೆ ಒಡೆಯುವುದರಿಂದ ಅಲ್ಲಿಯ ತಾಯಂದಿರಿಗೆ ಸೋಡಾವನ್ನು ಕೈತುಂಬ ಹಾಕುವ ಅಭ್ಯಾಸವಿರುತ್ತದೆ. ಇಲ್ಲಿಯ ಕೆಂಪುಕಲ್ಲಿನ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೆದುವಾದುದು. ಅಲ್ಲಿಯ ಅಳತೆಯನ್ನು ಇಲ್ಲಿ ಹಾಕಿದರೆ ಸೋಡಾ ಬಟ್ಟೆಯಲ್ಲಿಯೇ ಉಳಿದು, ಮೈಗೆ ತುರಿಕೆಯನ್ನು ತರುವುದು.

ಎಣ್ಣೆ ಹೋಯಿತು, ಮೆಣಸಿನ ಕೆಂಪು ಹೋಯಿತು, ಉಳಿದುದು ಹಳದಿಯೊಂದೇ. ಈಗ ಬಟ್ಟೆಯ ಸಾಬೂನಿಗೆ ವೇಳೆ ಬಂದಿತು. ಹಚ್ಚಿದೊಡನೆ ಕಲೆಯು ಕೆಂಪಾಯಿತು. ತಾಯಿಯು ನನ್ನ ಮುಖವನ್ನು ನೋಡಿದಳು. “ಈ ಕೆಂಪೇ ನಮಗೆ ದಾರಿ ತೋರಸತೈತಿ, ತಂಗೀ. ಎಲ್ಲಿ ಕೆಂಪಾತು, ಅಲ್ಲಿ ಅರಿಷಿಣ ಇನ್ನೂ ಐತಿ; ಎಲ್ಲಿ ಆಗಲಿಲ್ಲ, ಅಲ್ಲಿ ಹೋಗೇತಿ” ಎಂದೆನು. ನಿಜವಾಗಿಯೂ, ಕಣ್ಣಿಗೆ ಕಾಣದಷ್ಟು ತೆಳುವಾದ ಅರಿಸಿನವನ್ನು ಪತ್ತೆಹಚ್ಚಲು ಸಾಬೂನಿನಂಥ ಪರೀಕ್ಷಕ ಮನೆಯಲ್ಲಿ ಬೇರೆ ಇಲ್ಲ.

ಸಾಬೂನಿನ ನೊರೆಯನ್ನು ಅರ್ಧ ತಾಸು ಹಾಗೆಯೇ ಬಿಟ್ಟು ಜಾಲಿಸಿದಾಗ ಬಣ್ಣವು ಅರ್ಧದಷ್ಟು ಇಳಿದಿತ್ತು. ಬೇಸಗೆಯಾಗಿದ್ದರೆ ಇಲ್ಲಿಗೆ ನಮ್ಮ ಕೆಲಸವೇ ಮುಗಿಯುತ್ತಿತ್ತು. ಒದ್ದೆಯ ಅಂಗಿಯನ್ನು ಕಲೆಯು ಮೇಲೆ ಬರುವಂತೆ ಬಿಸಿಲಿಗೆ ಹರವಿ, ಒಣಗಿದಂತೆಲ್ಲ ನೀರನ್ನು ಚಿಮುಕಿಸುತ್ತ ಬಿಟ್ಟರೆ, ಎರಡು ಮೂರು ಹಗಲುಗಳಲ್ಲಿ ಬಿಸಿಲೇ ಉಳಿದುದನ್ನು ಅಳಿಸುತ್ತಿತ್ತು. ಆದರೆ ಹೊರಗೆ ಮಳೆ ಹೊಯ್ಯುತ್ತಿತ್ತು. ಹುಡುಗಿಗೆ ಮರುದಿನವೇ ಅಂಗಿ ಬೇಕಿತ್ತು.

ಇಂಥ ಪ್ರಸಂಗಕ್ಕಾಗಿ, ಮತ್ತು ಬಿಳಿಯ ಹತ್ತಿಬಟ್ಟೆಗೆ ಮಾತ್ರ, ಔಷಧದ ಅಂಗಡಿಯಲ್ಲಿ ಗಾಯ ತೊಳೆಯಲು ಮಾರುವ ಹೈಡ್ರೋಜನ್ ಪೆರಾಕ್ಸೈಡನ್ನು ಉಪಯೋಗಿಸಬಹುದು. ಸೀಸೆಯ ಮೇಲೆ ನೂರಕ್ಕೆ ೬ ಎಂದು ಬರೆದಿದ್ದರೆ ಅಷ್ಟೇ ನೀರನ್ನು ಕೂಡಿಸಿ ನೂರಕ್ಕೆ ೩ ಮಾಡಿಕೊಳ್ಳಬೇಕು. ನಾವು ಎರಡು ಚಮಚ ಪೆರಾಕ್ಸೈಡಿಗೆ ಎರಡು ಚಮಚ ನೀರು ಸೇರಿಸಿ, ಮೊದಲು ಅಂಗಿಯ ಒಳಮಡಿಕೆಯಲ್ಲಿ ಒಂದು ಹನಿಯನ್ನು ಹಾಕಿ ನೋಡಿ, ಅನಂತರ ಒದ್ದೆಯಾದ ಕಲೆಯ ಮೇಲೆ ಸವರಿದೆವು. ಇಪ್ಪತ್ತು ನಿಮಿಷ ಬಿಟ್ಟು ಜಾಲಿಸಿ, ಇನ್ನೊಮ್ಮೆ ಹಾಗೆಯೇ ಮಾಡಿದೆವು. ಇದರಲ್ಲಿ ಮೂರು ಎಚ್ಚರಗಳಿವೆ. ಕಲೆಯ ಹತ್ತಿರ ತುಕ್ಕು ಹಿಡಿದ ಗುಂಡಿಯಾಗಲಿ ಕೊಕ್ಕೆಯಾಗಲಿ ಇದ್ದರೆ ಪೆರಾಕ್ಸೈಡು ಅಲ್ಲಿ ಭರದಿಂದ ಒಡೆದು ಬಟ್ಟೆಗೆ ತೂತು ಬೀಳಿಸಬಲ್ಲುದು. ಆದ್ದರಿಂದ ಅದನ್ನು ಮೊದಲು ಬಿಚ್ಚಬೇಕು. ಇದನ್ನು ಬ್ಲೀಚಿಂಗ್ ಪೌಡರು, ವಿನೆಗರ್, ನಿಂಬೆ ಯಾವುದರೊಂದಿಗೂ ಬೆರೆಸಬಾರದು. ಬೆರೆಸಿದುದನ್ನು ಸೀಸೆಯಲ್ಲಿ ಮುಚ್ಚಿಡಲೂ ಬಾರದು. ಕಣ್ಣಿಗೆ ಹಾರಿದರೆ ಬಹಳ ಹೊತ್ತು ತಣ್ಣೀರಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು. ಸೀಸೆಯು ಮಕ್ಕಳ ಕೈಗೆ ಸಿಗದಂತಿರಬೇಕೆಂಬುದನ್ನು ಹೇಳಬೇಕಾಗಿಯೇ ಇಲ್ಲ.

ಎರಡನೆಯ ಸವರಿಕೆಯ ನಂತರ ಕಲೆಯು ಒಣಹುಲ್ಲಿನ ಬಣ್ಣಕ್ಕೆ ಬಂದು ನಿಂತಿತು. ಮೂರನೆಯ ಸಲ ಹಚ್ಚೋಣವೆಂದು ತಾಯಿ ಕೇಳಿದಳು. ನಾನು ಬೇಡವೆಂದೆನು. ದೂರದಿಂದ ಕಾಣದ ಕಲೆಗಾಗಿ ನೂಲನ್ನು ದುರ್ಬಲಗೊಳಿಸುವುದು ಜಾಣತನವಲ್ಲ. ಉಳಿದುದನ್ನು ಬೆಳಕಿಗೆ ಬಿಡಬಹುದು. ಇಸ್ತ್ರಿಯನ್ನು ಮಾತ್ರ ಮಾಡಕೂಡದೆಂದು ಹೇಳಿ ಕಳುಹಿಸಿದೆನು. ಹುಡುಗಿಯು ಮರುದಿನ ಸುಕ್ಕು ಅಂಗಿಯಲ್ಲಿಯೇ ಶಾಲೆಗೆ ಹೋದಳು. ರಾತ್ರಿ ಒಗೆದು, ರಜೆಯ ದಿನ ಹಗಲೆಲ್ಲ ಕಿಟಕಿಯ ಬಳಿ ತೂಗುಹಾಕಿ, ಹೀಗೆ ಮೂರು ವಾರ ಕಳೆಯುವಷ್ಟರಲ್ಲಿ ಸಾಬೂನು ಹಚ್ಚಿದರೂ ಕೆಂಪು ಕಾಣದಾಯಿತು. ಮೋಡದ ಬೆಳಕಿನಿಂದಲೂ ಇದು ಸಾಧ್ಯವೇ ಎಂದು ಕೆಲವರು ಕೇಳುವರು. ಅರಿಸಿನವು ನಮಗೆ ಹಳದಿಯಾಗಿ ಕಾಣುವುದೇ ಅದು ಬೆಳಕಿನಲ್ಲಿರುವ ನೀಲಿ ಮತ್ತು ನೇರಿಳೆಯ ಭಾಗಗಳನ್ನು ಹೀರಿಕೊಳ್ಳುವುದರಿಂದ. ಹಾಗೆ ಹೀರಿದ ಬೆಳಕೇ ಅದನ್ನು ಒಡೆಯುವುದು. ಈ ಬೆಳಕು ಮೋಡವನ್ನೂ ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ಪ್ರಮಾಣವು ಕಡಿಮೆಯಾದ್ದರಿಂದ ಬಿಸಿಲಿನ ಒಂದು ದಿನದ ಕೆಲಸಕ್ಕೆ ಮೋಡದಲ್ಲಿ ಬಹುದಿನ ಹಿಡಿಯುವುದಷ್ಟೇ.

ಒಣ ಅರಿಸಿನದ ಮಾತು ಇದಕ್ಕಿಂತ ಸುಲಭ. ಮೈಲಾರಲಿಂಗನ, ಬೀರದೇವರ ಜಾತ್ರೆಗಳಿಂದ ಭಂಡಾರದಲ್ಲಿ ಮಿಂದು ಬಂದವರು ಅಂಗಿ ಧೋತರಗಳನ್ನು ನೇರವಾಗಿ ನೀರಿಗೆ ಹಾಕಿಬಿಡುತ್ತಾರೆ. ಅದು ತಪ್ಪು. ಎಣ್ಣೆಯಿಲ್ಲದ ಪುಡಿಯು ನೂಲಿನ ಮೇಲೆ ಕುಳಿತಿದೆಯೇ ಹೊರತು ಒಳಗಿಳಿದಿಲ್ಲ. ಅಂಗಳದಲ್ಲಿ ಚೆನ್ನಾಗಿ ಕೊಡವಿ, ಒಣ ಕುಂಚದಿಂದ ಉದುರಿಸಿದರೆ ಬಹುಪಾಲು ಅಲ್ಲಿಯೇ ಹೋಗುವುದು. ಉಳಿದುದಕ್ಕೆ ಸಾಬೂನು, ಬಿಸಿಲು ಸಾಕು.

ಬಣ್ಣದ ಬಟ್ಟೆಗಳಲ್ಲಿ ನಮ್ಮ ಕೈ ಕಟ್ಟಿದಂತೆಯೇ ಸರಿ. ಹಿಟ್ಟು, ತಣ್ಣೀರು, ದ್ರವಸಾಬೂನುಗಳವರೆಗೆ ಅಡ್ಡಿಯಿಲ್ಲ; ಎಣ್ಣೆಯನ್ನು ಹೀಗೆಯೇ ಬಿಡಿಸಬಹುದು. ಪೆರಾಕ್ಸೈಡು, ಸೋಡಾಗಳು ಬೇಡ. ಬಿಸಿಲು ಅರಿಸಿನವನ್ನು ತಿನ್ನುವಂತೆ ಬಟ್ಟೆಯ ಬಣ್ಣವನ್ನೂ ತಿನ್ನುವುದರಿಂದ, ಕಲೆಯ ಸುತ್ತಲಿನ ಭಾಗವನ್ನು ದಪ್ಪ ಬಟ್ಟೆಯಿಂದ ಮುಚ್ಚಿ, ಕಲೆಯೊಂದನ್ನೇ ಬಿಸಿಲಿಗೆ ತೆರೆದು, ಒಂದೊಂದು ತಾಸಿಗೆ ತೆಗೆದು ನೋಡುತ್ತಿರಬೇಕು. ಅರಿಸಿನವು ಸಾಮಾನ್ಯವಾಗಿ ಮೊದಲು ಸೋಲುವುದು, ಆದರೆ ಅಗ್ಗದ ಬಣ್ಣದ ಬಟ್ಟೆಯಲ್ಲಿ ಹಾಗೆಂದು ಭರವಸೆ ಕೊಡಲಾರೆನು. ಇಲಕಲ್ಲ ಸೀರೆಯ ಒಡಲು ಹತ್ತಿಯದಾದರೂ ಸೆರಗು ರೇಶಿಮೆಯದಾಗಿದ್ದರೆ ಆ ಸೆರಗಿಗೆ ಈ ಲೇಖನದ ಯಾವ ಕ್ಷಾರವನ್ನೂ ತಾಗಿಸಬಾರದು. ಟೆರಿಕಾಟಿನ ಸಮವಸ್ತ್ರಗಳಲ್ಲಿ ಎಣ್ಣೆಯು ಹತ್ತಿಗಿಂತ ಬಿಗಿಯಾಗಿ ಅಂಟುವುದು. ಅಲ್ಲಿ ದ್ರವಸಾಬೂನನ್ನು ಮೂರರ ಬದಲು ಐದು ಸಲ ಹಚ್ಚಬೇಕಾದೀತು.

ಬೇಗ ಕೆಲಸವಾಗಲೆಂದು ಸೀಮೆಎಣ್ಣೆಯನ್ನೋ ಪೆಟ್ರೋಲನ್ನೋ ಬಟ್ಟೆಗೆ ಹಚ್ಚುವವರನ್ನು ನಾನು ಕಂಡಿದ್ದೇನೆ. ಎಣ್ಣೆಯು ಅದರಲ್ಲಿ ಕರಗುವುದೇನೋ ನಿಜ. ಆದರೆ ಅಂಥ ಬಟ್ಟೆಯನ್ನು ಒಲೆಯಿರುವ ಮನೆಯಲ್ಲಿ ಒಣಗಹಾಕಿದರೆ ಒಂದು ಕಿಡಿಗೆ ಮನೆಯೇ ಹೊತ್ತಿಕೊಳ್ಳಬಹುದು. ಅದರ ಆವಿಯೂ ಮಕ್ಕಳಿಗೆ ಸಲ್ಲದು. ಇದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಕೊನೆಯದಾಗಿ, ಪೆಟ್ಟಿಗೆಯ ತಳದಲ್ಲಿ ವರ್ಷಗಟ್ಟಲೆ ಬಿದ್ದಿದ್ದ, ಇಸ್ತ್ರಿಯನ್ನೂ ಕಂಡ ಕಲೆಯ ವಿಚಾರ. ಅದರ ಮೇಲೆ ಬೆರಳನ್ನು ಆಡಿಸಿ ನೋಡಬೇಕು. ಬಟ್ಟೆಯು ಅಲ್ಲಿ ಸೆಟೆದುಕೊಂಡು, ಸಾಬೂನಿಗೆ ಕೆಂಪಾಗದೆ, ಕಂದುಹಳದಿಯಾಗಿದ್ದರೆ ಅದು ಅರಿಸಿನವಲ್ಲ. ಗಟ್ಟಿಯಾದ ಎಣ್ಣೆಯೇ ತಾಳಿದ ಬಣ್ಣ. ಬಿಳಿ ಬಟ್ಟೆಯಾದರೆ ಸೋಡಾದ ಬಿಸಿನೀರಿನಲ್ಲಿ ಎರಡು ಸಲ ನೆನೆಹಾಕಿ ನೋಡಬಹುದು. ಅದರಿಂದಲೂ ಸೆಟೆತವು ಮೆತ್ತಗಾಗದಿದ್ದರೆ ಕಲೆಯು ಹೋಗಲಾರದು. ಆ ಮೊದಲ ಅಂಗಿಯ ಹರಿಯದೆ ಉಳಿದ ಬೆನ್ನಿನ ಭಾಗವನ್ನು ಆ ತಾಯಿಯು ಕತ್ತರಿಸಿ, ಎರಡನೆಯ ಅಂಗಿಗೆ ಒಳಕಿಸೆಯನ್ನು ಹೊಲಿದಳು. ಡಬ್ಬಿಗೆ ಹೊಸ ಮುಚ್ಚಳವನ್ನು ಸಂತೆಯಿಂದ ತಂದಳು.